ಒಲೆಯ ಕಟ್ಟೆ ಮತ್ತು ಮಗುವಿನ ಕೈಯಳತೆ

ಉಪ್ಪುಂದ, ಬಿಜೂರು, ನಾಗೂರು, ಕಿರಿಮಂಜೇಶ್ವರ ಕಡೆಯ ಮನೆಗಳಲ್ಲಿ ಬೆಳಗಿನ ಏಳರಿಂದ ಒಂಬತ್ತು ಗಂಟೆಯವರೆಗೆ ಅಡುಗೆಮನೆಗೆ ಬಿಡುವಿಲ್ಲ. ಒಂದು ಒಲೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತಿರುತ್ತದೆ, ಇನ್ನೊಂದರಲ್ಲಿ ಚಹಾ. ಶಾಲೆಗೆ ಹೋಗುವ ಮಕ್ಕಳ ತಿಂಡಿ ಆಗಬೇಕು, ಕೆಲಸಕ್ಕೆ ಹೋಗುವವರ ಬುತ್ತಿ ಆಗಬೇಕು. ಇದೇ ಹೊತ್ತಿಗೆ ಮನೆಯ ಎರಡು ವರ್ಷದ ಕೂಸು ತಾಯಿಯ ಸೆರಗು ಹಿಡಿದು ಅಡುಗೆಮನೆಯಲ್ಲೇ ಸುತ್ತುತ್ತಿರುತ್ತದೆ. ಬೆಂಕಿಯ ಭಯ ಎಲ್ಲರಿಗೂ ಇದೆ. ಹಾಗಾಗಿ ಬೆಂಕಿಪೊಟ್ಟಣವನ್ನು ಎತ್ತರದಲ್ಲಿಡುತ್ತಾರೆ, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡುತ್ತಾರೆ. ಆದರೆ ಈ ವಯಸ್ಸಿನ ಮಕ್ಕಳನ್ನು ಹೆಚ್ಚಾಗಿ ಸುಡುವುದು ಬೆಂಕಿಯಲ್ಲ, ನೀರು. ಅಂದರೆ ಬಿಸಿನೀರು, ಚಹಾ, ಹಾಲು, ಸಾರು ಮತ್ತು ಗಂಜಿಯ ತೆಳಿ.

ಇದನ್ನು ತಡೆಯಲು ದುಬಾರಿ ಸಾಮಾನು ಬೇಡ. ಒಂದು ಅಳತೆಪಟ್ಟಿ, ಒಂದು ತುಂಡು ಸೀಮೆಸುಣ್ಣ ಮತ್ತು ಹೈಸ್ಕೂಲಿನಲ್ಲಿ ಕಲಿತ ಎರಡು ಪಾಠಗಳು ಸಾಕು. ಒಂದು ಉಷ್ಣದ ಪಾಠ, ಇನ್ನೊಂದು ಸನ್ನೆಯ ಪಾಠ.

ಎಷ್ಟು ಬಿಸಿ, ಎಷ್ಟು ಹೊತ್ತು?

ಚರ್ಮ ಸುಡುವುದಕ್ಕೆ ನೀರು ಕುದಿಯಲೇಬೇಕೆಂದಿಲ್ಲ. ತಾಪ ಎಷ್ಟು ಮತ್ತು ಅದು ಚರ್ಮಕ್ಕೆ ತಾಗಿದ್ದು ಎಷ್ಟು ಹೊತ್ತು ಎಂಬ ಎರಡೂ ಸೇರಿ ಗಾಯವನ್ನು ನಿರ್ಧರಿಸುತ್ತವೆ. ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇದರ ಲೆಕ್ಕ ಸ್ಪಷ್ಟವಾಯಿತು. ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು 49 ಡಿಗ್ರಿ ಸೆಲ್ಸಿಯಸ್ ನೀರಿಗೆ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. 55 ಡಿಗ್ರಿಗೆ ಸುಮಾರು ಅರ್ಧ ನಿಮಿಷ ಸಾಕು. 60 ಡಿಗ್ರಿಗೆ ಸುಮಾರು ಐದು ಸೆಕೆಂಡು. 70 ಡಿಗ್ರಿ ದಾಟಿದರೆ ಒಂದು ಸೆಕೆಂಡೂ ಬೇಡ.

ಮಕ್ಕಳ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳು. ಆದ್ದರಿಂದ ಅವರಿಗೆ ಈ ಸಮಯ ಇನ್ನೂ ಕಡಿಮೆ. ದೊಡ್ಡವರು ಬಿಸಿ ತಾಗಿದೊಡನೆ ಹಿಂದೆ ಸರಿಯುತ್ತಾರೆ, ಒದ್ದೆ ಬಟ್ಟೆಯನ್ನು ಕಿತ್ತೆಸೆಯುತ್ತಾರೆ. ಮಗು ನಿಂತಲ್ಲೇ ಕಿರುಚುತ್ತದೆ. ಬಿಸಿ ಹೀರಿಕೊಂಡ ಅಂಗಿ ಅದರ ಮೈಗೆ ಅಂಟಿಕೊಂಡೇ ಇರುತ್ತದೆ. ಹೀಗಾಗಿ ತಾಗಿದ ಹೊತ್ತು ಹೆಚ್ಚುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಎರಡು ವರ್ಷದ ಮಗುವಿನ ಇಡೀ ದೇಹದ ಚರ್ಮವನ್ನು ಬಿಡಿಸಿ ಹರಡಿದರೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚಾಗಬಹುದು. ಇದು ದೊಡ್ಡವರದ್ದರ ಮೂರನೆಯ ಒಂದು ಭಾಗ. ಅಪ್ಪನ ತೊಡೆಯ ಮೇಲೆ ಚೆಲ್ಲಿದ ಒಂದು ಲೋಟ ಚಹಾ ಸಣ್ಣ ಗಾಯವಾದರೆ, ಅದೇ ಲೋಟ ಮಗುವಿನ ಮೇಲೆ ಬಿದ್ದಾಗ ಅದರ ಪಾಲಿಗೆ ಮೂರು ಪಟ್ಟು ದೊಡ್ಡ ಗಾಯ. ಅದೂ ತಲೆಯೆತ್ತಿ, ಕೈಯೆತ್ತಿ ಎಳೆದುಕೊಂಡದ್ದಾದ್ದರಿಂದ ಮುಖ, ಕುತ್ತಿಗೆ, ಭುಜ ಮತ್ತು ಎದೆಯ ಮೇಲೆ ಸುರಿಯುತ್ತದೆ.

ಕಟ್ಟೆಯ ಮೇಲೆ ಕೈ ಎಲ್ಲಿಯವರೆಗೆ?

‘ನಮ್ಮ ಮಗುವಿಗೆ ಒಲೆ ಎಟಕುವುದಿಲ್ಲ’ ಎಂದು ಹೇಳುವವರು ಬಹಳ. ಕಣ್ಣಳತೆಯಲ್ಲಿ ಹಾಗೆ ಕಾಣುವುದೂ ನಿಜ, ಏಕೆಂದರೆ ಮಗುವಿನ ತಲೆ ಕಟ್ಟೆಯ ಅಂಚಿಗೆ ಅಷ್ಟಿಷ್ಟು ಸಮನಾಗಿರುತ್ತದೆ. ಆದರೆ ಎಟಕುವುದು ತಲೆಯಲ್ಲ, ಕೈ. ಇದನ್ನು ಅಳೆದೇ ನೋಡಬೇಕು.

ಒಂದು ಸಾಮಾನ್ಯ ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಡಪ ಕಲ್ಲಿನ ಕಟ್ಟೆಯ ಎತ್ತರ 80 ಸೆಂಟಿಮೀಟರ್, ಒಳ ಅಗಲ 60 ಸೆಂ.ಮೀ. ಮಗುವಿಗೆ ಎರಡು ವರ್ಷ, ಎತ್ತರ 87 ಸೆಂ.ಮೀ. ಭುಜದ ಎತ್ತರ 68 ಸೆಂ.ಮೀ., ಭುಜದಿಂದ ಬೆರಳ ತುದಿಗೆ 36 ಸೆಂ.ಮೀ. ಮಗು ಕಟ್ಟೆಗೆ ಎದೆ ಆನಿಸಿ ನಿಂತು ಕೈ ಚಾಚಿದರೆ ಬೆರಳು ಕಟ್ಟೆಯ ಮೇಲೆ ಎಷ್ಟು ದೂರ ಹೋದೀತು?

ಭುಜದಿಂದ ಕಟ್ಟೆಯ ಮೇಲ್ಮೈಗೆ 12 ಸೆಂ.ಮೀ. ಏರು. ಅದು ಲಂಬಕೋನ ತ್ರಿಭುಜದ ಒಂದು ಬಾಹು, ಕೈ ವಿಕರ್ಣ. 36ರ ವರ್ಗ 1296, 12ರ ವರ್ಗ 144, ಕಳೆದರೆ 1152. ಅದರ ವರ್ಗಮೂಲ ಸುಮಾರು 34. ಭುಜ ಎದೆಗಿಂತ ಸುಮಾರು 8 ಸೆಂ.ಮೀ. ಹಿಂದಿರುತ್ತದೆ, ಅದನ್ನು ಕಳೆಯಬೇಕು. ಉಳಿದದ್ದು 26 ಸೆಂ.ಮೀ. ಅಂದರೆ ಕಟ್ಟೆಯ ಅಂಚಿನಿಂದ ಒಳಗೆ ಹೆಚ್ಚುಕಡಿಮೆ ಒಂದು ಗೇಣಿಗಿಂತ ಹೆಚ್ಚು ಜಾಗ ಆ ಮಗುವಿನ ವಶದಲ್ಲಿದೆ. ಕಣ್ಣಿಗೆ ಕಾಣದಿದ್ದರೂ ಅಲ್ಲಿರುವ ಏನನ್ನಾದರೂ ಅದು ತಡಕಿ ಎಳೆಯಬಲ್ಲದು. ಕಾಣದಿರುವುದೇ ಹೆಚ್ಚಿನ ಅಪಾಯ, ಏಕೆಂದರೆ ತಾನು ಎಳೆಯುತ್ತಿರುವುದು ಏನೆಂದು ಅದಕ್ಕೆ ಗೊತ್ತಿರುವುದಿಲ್ಲ.

ಲೆಕ್ಕ ಬೇಡವೆನ್ನುವವರು ಸುಲಭ ದಾರಿ ಹಿಡಿಯಬಹುದು. ಒಲೆ ಆರಿ ತಣ್ಣಗಿರುವಾಗ ಕಟ್ಟೆಯ ಮೇಲೆ ಒಂದು ಆಟಿಕೆ ಅಥವಾ ಬಾಳೆಹಣ್ಣನ್ನು ಇಟ್ಟು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತ ಹೋಗಿ. ಮಗು ತುದಿಗಾಲಲ್ಲಿ ನಿಂತರೂ ಯಾವ ಜಾಗದಲ್ಲಿ ಅದು ಕೈಗೆ ಸಿಗುವುದಿಲ್ಲವೋ ಅಲ್ಲಿಗೆ ಒಂದು ಗೇಣು ಸೇರಿಸಿ, ಕಟ್ಟೆಯ ಉದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆಯಿರಿ. ಪ್ರಯೋಗ ಮುಗಿದ ಮೇಲೆ ಆಟಿಕೆಯನ್ನು ಅಲ್ಲಿ ಬಿಡಬಾರದು. ಬಿಟ್ಟರೆ ಮಗುವಿಗೆ ಹತ್ತುವುದನ್ನು ಕಲಿಸಿದಂತಾಗುತ್ತದೆ. ಗೆರೆಯ ಈಚೆಗೆ ಬಿಸಿಯಾದ ಏನನ್ನೂ ಇಡಕೂಡದು ಎಂಬುದು ಮನೆಯ ಎಲ್ಲರಿಗೂ ನಿಯಮವಾಗಬೇಕು. ಒಂದರಿಂದ ಎರಡು ವರ್ಷದ ನಡುವೆ ಮಗು ಸುಮಾರು 12 ಸೆಂ.ಮೀ. ಬೆಳೆಯುತ್ತದೆ. ಆದ್ದರಿಂದ ಈ ಗೆರೆಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಎಳೆಯಬೇಕು. ಕಟ್ಟೆಯ ಹತ್ತಿರ ಮಣೆ, ಪ್ಲಾಸ್ಟಿಕ್ ಸ್ಟೂಲು, ಅಕ್ಕಿ ಡಬ್ಬಿ ಇದ್ದರೆ ಗೆರೆಗೆ ಅರ್ಥವಿಲ್ಲ. ಅವುಗಳ ಎತ್ತರವಷ್ಟೂ ಮಗುವಿನ ಎತ್ತರಕ್ಕೆ ಸೇರಿಬಿಡುತ್ತದೆ.

ಹಿಡಿ ಎಂಬ ಸನ್ನೆ

ಈಗ ಅದೇ ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ ಇಡೋಣ. ವಿದೇಶದ ಪುಸ್ತಕಗಳಲ್ಲಿ ‘ಹಿಂದಿನ ಬರ್ನರಿನಲ್ಲಿ ಅಡುಗೆ ಮಾಡಿ’ ಎಂಬ ಸಲಹೆ ಇರುತ್ತದೆ. ನಮ್ಮ ಎರಡು ಬರ್ನರಿನ ಒಲೆಗಳಲ್ಲಿ ಅವು ಅಕ್ಕಪಕ್ಕ ಇರುವುದರಿಂದ ಹಿಂದಿನದೆಂಬುದೇ ಇಲ್ಲ. ಇಲ್ಲಿ ಒಲೆಯನ್ನೇ ಹಿಂದಕ್ಕೆ ಸರಿಸಬೇಕು.

ಹೆಚ್ಚಿನ ಮನೆಗಳಲ್ಲಿ ಗುಂಡಿ ತಿರುಗಿಸಲು ಅನುಕೂಲವೆಂದು ಒಲೆಯ ಮುಂಭಾಗವನ್ನು ಕಟ್ಟೆಯ ಅಂಚಿಗೆ ಸರಿಯಾಗಿ ಇಟ್ಟಿರುತ್ತಾರೆ. ಆಗ ಬರ್ನರಿನ ನಡುಭಾಗ ಅಂಚಿನಿಂದ ಸುಮಾರು 18 ಸೆಂ.ಮೀ. ಒಳಗಿರುತ್ತದೆ. ಅದರ ಮೇಲೆ 16 ಸೆಂ.ಮೀ. ಅಗಲದ ಹಾಲಿನ ಪಾತ್ರೆ, ಅದಕ್ಕೆ 16 ಸೆಂ.ಮೀ. ಉದ್ದದ ಹಿಡಿ. ಹಿಡಿಯನ್ನು ಮುಂದಕ್ಕೆ ತಿರುಗಿಸಿಟ್ಟರೆ ಅದು ಕಟ್ಟೆಯ ಅಂಚನ್ನೂ ದಾಟಿ 6 ಸೆಂ.ಮೀ. ಹೊರಗೆ ಚಾಚುತ್ತದೆ. ಕಟ್ಟೆಯ ಕೆಳಗೆ ನಿಂತ ಮಗುವಿಗೆ ಕಾಣುವುದು ಪಾತ್ರೆಯಲ್ಲ, ಗಾಳಿಯಲ್ಲಿ ನಿಂತ ಒಂದು ಹಿಡಿ ಮಾತ್ರ.

ಅದನ್ನು ಉರುಳಿಸಲು ಎಷ್ಟು ಬಲ ಬೇಕು? ಪಾತ್ರೆ ಮತ್ತು ಹಾಲು ಸೇರಿ 1.2 ಕಿಲೋ ಎನ್ನೋಣ. ಬರ್ನರಿನ ಮೇಲಿನ ಕಂಬಿಗಳ ತುದಿ ಪಾತ್ರೆಯ ನಡುವಿನಿಂದ 6 ಸೆಂ.ಮೀ. ದೂರದಲ್ಲಿದೆ. ಪಾತ್ರೆ ವಾಲುವಾಗ ಇದೇ ಆಧಾರ ಬಿಂದು. ಪಾತ್ರೆಯ ಅಂಚು ನಡುವಿನಿಂದ 8 ಸೆಂ.ಮೀ., ಅದರಾಚೆ ಹಿಡಿ 16 ಸೆಂ.ಮೀ.; ಒಟ್ಟು 24. ಅದರಲ್ಲಿ 6 ಕಳೆದರೆ ಆಧಾರ ಬಿಂದುವಿನಿಂದ ಹಿಡಿಯ ತುದಿಗೆ 18 ಸೆಂ.ಮೀ. ಒಂದು ಕಡೆ 1.2 ಕಿಲೋ ತೂಕ 6 ಸೆಂ.ಮೀ. ದೂರದಲ್ಲಿ, ಇನ್ನೊಂದು ಕಡೆ ಮಗುವಿನ ಎಳೆತ 18 ಸೆಂ.ಮೀ. ದೂರದಲ್ಲಿ. 1.2ನ್ನು 6ರಿಂದ ಗುಣಿಸಿ 18ರಿಂದ ಭಾಗಿಸಿದರೆ 0.4. ಕೇವಲ 400 ಗ್ರಾಂ ಭಾರದಷ್ಟು ಎಳೆತಕ್ಕೆ ಪಾತ್ರೆ ಮೇಲೇಳುತ್ತದೆ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಎತ್ತಿ ಆಡುವ ಮಗುವಿಗೆ ಇದು ಏನೂ ಅಲ್ಲ. ಒಮ್ಮೆ ವಾಲತೊಡಗಿದರೆ ಒಳಗಿನ ಹಾಲು ಅದೇ ಕಡೆಗೆ ಸರಿಯುವುದರಿಂದ ಮುಂದೆ ಅಷ್ಟು ಬಲವೂ ಬೇಡ.

ಹೈಸ್ಕೂಲು ವಿದ್ಯಾರ್ಥಿಗಳು ಇದನ್ನು ತಣ್ಣೀರು ತುಂಬಿದ ಪಾತ್ರೆ ಮತ್ತು ಹಿಡಿಯ ತುದಿಗೆ ದಾರದಲ್ಲಿ ನೇತುಹಾಕಿದ ತೂಕದ ಬಟ್ಟುಗಳಿಂದ ಮನೆಯಲ್ಲೇ ಪರೀಕ್ಷಿಸಬಹುದು. ಪಾತ್ರೆಯಲ್ಲಿ ನೀರು ಕಡಿಮೆಯಾದಷ್ಟೂ ಬೇಕಾಗುವ ತೂಕವೂ ಕಡಿಮೆಯಾಗುವುದು ಕಾಣುತ್ತದೆ. ತಳದಲ್ಲಿ ಸ್ವಲ್ಪವೇ ಬಿಸಿ ಎಣ್ಣೆ ಇರುವ ಹಗುರ ಬಾಣಲೆ ಏಕೆ ಅಷ್ಟು ಸುಲಭವಾಗಿ ಮಗುಚುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಪರಿಹಾರವೂ ಅದೇ ಅಳತೆಗಳಲ್ಲಿದೆ. ಒಲೆಯನ್ನು 15 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಬರ್ನರಿನ ನಡುಭಾಗ ಅಂಚಿನಿಂದ 33 ಸೆಂ.ಮೀ. ದೂರವಾಗುತ್ತದೆ, ಪಾತ್ರೆಯ ಮುಂದಿನ ಅಂಚು 25 ಸೆಂ.ಮೀ. ಆದರೆ ಹಿಡಿ ಇನ್ನೂ ಮುಂದಕ್ಕೇ ಇದ್ದರೆ ಅದರ ತುದಿ 9 ಸೆಂ.ಮೀ. ದೂರದಲ್ಲಿ, ಅಂದರೆ ಮಗುವಿನ ಕೈಗೆ ಸಿಗುವಂತೆಯೇ ಉಳಿಯುತ್ತದೆ. ಹೀಗಾಗಿ ಎರಡು ಕೆಲಸಗಳೂ ಒಟ್ಟಿಗೆ ಆಗಬೇಕು: ಒಲೆ ಹಿಂದಕ್ಕೆ, ಹಿಡಿ ಗೋಡೆಯ ಕಡೆಗೆ. ಹಿಡಿಯನ್ನು ಪಕ್ಕದ ಬರ್ನರಿನ ಮೇಲೆ ಬರುವಂತೆ ತಿರುಗಿಸಬಾರದು. ಅದು ಕಾದು ಎತ್ತುವವರ ಕೈಯನ್ನೇ ಸುಡುತ್ತದೆ. ಬಲಗಡೆಯ ಪಾತ್ರೆಯ ಹಿಡಿ ಹಿಂದಕ್ಕೆ ಬಲಗಡೆ, ಎಡಗಡೆಯದ್ದು ಹಿಂದಕ್ಕೆ ಎಡಗಡೆ ಇರಲಿ. ಒಲೆ ಸರಿಸುವಾಗ ಗ್ಯಾಸಿನ ರಬ್ಬರ್ ಕೊಳವೆ ಗೋಡೆಗೆ ಒತ್ತಿ ಮಡಚಿಕೊಳ್ಳದಂತೆ ಹಿಂದೆ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ಮೇಲೆ ಹೇಳಿದ ಮಗುವಿಗೆ 25 ಸೆಂ.ಮೀ. ದೂರವೂ ಅಂಚಿನ ಲೆಕ್ಕವೇ. ಅದಕ್ಕೆ ಮೂರು ವರ್ಷ ತುಂಬುವಾಗ ಕೈ 32 ಸೆಂ.ಮೀ.ವರೆಗೆ ಹೋಗುತ್ತದೆ. ಆಗ ಪಾತ್ರೆಯ ಮೈಯೇ ಕೈಗೆ ಸಿಗುವುದರಿಂದ, ಹಿಡಿ ತಿರುಗಿಸಿದ್ದೇವೆ ಎಂಬ ಧೈರ್ಯದ ಮೇಲೆ ಮಗುವನ್ನು ಒಲೆಯ ಬಳಿ ಬಿಟ್ಟುಹೋಗುವಂತಿಲ್ಲ.

ಚಹಾ ಲೋಟ, ಕೆಟಲ್

ಒಲೆಯಿಂದ ಇಳಿದ ಮೇಲೆ ಚಹಾದ ಬಗ್ಗೆ ಎಚ್ಚರ ತಪ್ಪುತ್ತದೆ. ಜಗಲಿಯಲ್ಲಿ ಕುಳಿತ ಅಜ್ಜ ಲೋಟವನ್ನು ಪಕ್ಕದ ನೆಲದ ಮೇಲಿಟ್ಟು ಪತ್ರಿಕೆ ಬಿಡಿಸುತ್ತಾರೆ. ಬಂದ ನೆಂಟರ ಮುಂದೆ ಟೀಪಾಯಿಯ ಮೇಲೆ ನಾಲ್ಕು ಲೋಟಗಳು ಬರುತ್ತವೆ. ತೊಡೆಯ ಮೇಲೆ ಮೊಮ್ಮಗು, ಕೈಯಲ್ಲಿ ಚಹಾ. ಆಗಷ್ಟೇ ಲೋಟಕ್ಕೆ ಸುರಿದ ಚಹಾ ಸಾಮಾನ್ಯವಾಗಿ 80 ಡಿಗ್ರಿಯ ಮೇಲಿರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ, ತುಂಬಿದ ಸ್ಟೀಲ್ ಲೋಟದಲ್ಲಿ ಅದು 60 ಡಿಗ್ರಿಗೆ ಇಳಿಯಲು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ‘ಕುಡಿಯುವಷ್ಟು ಆರಿದೆ’ ಎನ್ನುವ ಚಹಾ ಕೂಡ ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲದು. ನಾವು ಅದನ್ನು ಗಾಳಿ ಸೇರಿಸಿ, ಗುಟುಕು ಗುಟುಕಾಗಿ ಹೀರುವುದರಿಂದ ಬಾಯಿ ತಡೆದುಕೊಳ್ಳುತ್ತದೆಯೇ ಹೊರತು ಅದು ತಣ್ಣಗಾಗಿದೆ ಎಂದಲ್ಲ.

ಶಾಲೆಯ ಪ್ರಯೋಗಾಲಯದ ತಾಪಮಾಪಕ ಸಿಕ್ಕಿದರೆ ಹಿರಿಯರೊಬ್ಬರ ಜೊತೆ ಕುಳಿತು ಎರಡೆರಡು ನಿಮಿಷಕ್ಕೊಮ್ಮೆ ಚಹಾದ ತಾಪ ಬರೆದುಕೊಂಡು ನಕ್ಷೆ ಎಳೆಯಿರಿ. ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುವ ಗೆರೆ ಸಿಗುತ್ತದೆ. ಇದೇ ನ್ಯೂಟನ್ನನ ಶೈತ್ಯೀಕರಣ ನಿಯಮ. ಮುಚ್ಚಳ ಹಾಕಿದ ಲೋಟ, ಬಸಿಯಲ್ಲಿ ಹರಡಿದ ಚಹಾ ಇವುಗಳ ಗೆರೆಯನ್ನೂ ಹೋಲಿಸಬಹುದು. ಜ್ವರ ನೋಡುವ ತಾಪಮಾಪಕವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು 42 ಡಿಗ್ರಿಯ ಆಸುಪಾಸಿನವರೆಗಿನದ್ದು, ಗಾಜಿನದ್ದಾದರೆ ಒಡೆದುಹೋಗುತ್ತದೆ.

ಚಹಾಕ್ಕೆ ಮನೆಯಲ್ಲಿ ಮೂರು ಕಟ್ಟುಪಾಡು ಸಾಕು. ಮಗುವನ್ನು ಎತ್ತಿಕೊಂಡಾಗ ಚಹಾ ಬೇಡ, ಚಹಾ ಹಿಡಿದಾಗ ಮಗು ಬೇಡ. ಲೋಟ ನೆಲದ ಮೇಲಾಗಲಿ, ಟೀಪಾಯಿಯ ಅಂಚಿನಲ್ಲಾಗಲಿ ಇರಕೂಡದು. ಮೇಜಿನ ಮೇಲೆ ನೇತಾಡುವ ಬಟ್ಟೆ ಹಾಸಕೂಡದು. ಬಟ್ಟೆಯ ತುದಿ ಎಳೆದರೆ ಮೇಜಿನ ನಡುವಿನ ಲೋಟವೂ ಮಗುವಿನ ಮೇಲೆ ಬರುತ್ತದೆ.

ವಿದ್ಯುತ್ ಕೆಟಲಿನಲ್ಲಿ ಹಿಡಿಯ ಬದಲು ತಂತಿ ಇದೆ. ಕಟ್ಟೆಯಿಂದ ಜೋತುಬಿದ್ದ ತಂತಿಯನ್ನು ಎಳೆದರೆ ಒಂದೂವರೆ ಲೀಟರ್ ಕುದಿನೀರು ಕೆಳಗೆ ಬರುತ್ತದೆ. ತಂತಿಯ ಉಳಿದ ಉದ್ದವನ್ನು ಸುತ್ತಿ ಕಟ್ಟೆಯ ಹಿಂಭಾಗದಲ್ಲೇ ಉಳಿಯುವಂತೆ ಕಟ್ಟಬೇಕು. ಕೆಟಲ್ ‘ಟಕ್’ ಎಂದು ನಿಂತ ಮೇಲೆ ದೀಪ ಆರುತ್ತದೆ, ಸದ್ದು ನಿಲ್ಲುತ್ತದೆ, ಆದರೆ ನೀರು ಆರುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಅರ್ಧ ಗಂಟೆಯ ಮೇಲೂ ಅದು ಸುಡುವಷ್ಟು ಬಿಸಿ. ಬೇಕಾದಷ್ಟೇ ನೀರು ಕಾಯಿಸಿ, ಉಳಿದದ್ದನ್ನು ಕೂಡಲೇ ತಣ್ಣೀರಿಗೆ ಬೆರೆಸಿಬಿಡುವುದು ಒಳ್ಳೆಯದು. ಮೇಲಿನ ಗುಂಡಿ ಒತ್ತಿದರೆ ಚಹಾ ಸುರಿಯುವ ಫ್ಲಾಸ್ಕುಗಳಿಗೂ ಇದೇ ಎಚ್ಚರಿಕೆ ಬೇಕು. ಅದನ್ನು ಒತ್ತಲು ಮಗುವಿನ ಅಂಗೈ ಸಾಕು.

ನೆಲದ ಮೇಲಿನ ತೆಳಿ

ನಮ್ಮ ಕಡೆಯ ಅಡುಗೆಮನೆಗೇ ವಿಶೇಷವಾದ ಅಪಾಯವೊಂದಿದೆ. ಕುಚ್ಚಲಕ್ಕಿ ಅನ್ನವನ್ನು ಬೇಯಿಸಿದ ಮೇಲೆ ಪಾತ್ರೆಯ ಬಾಯಿಗೆ ಮುಚ್ಚಳ ಒತ್ತಿ, ಬಾಗಿಸಿ, ತೆಳಿಯನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ನಡೆಯುವುದು ನೆಲದ ಮೇಲೆ, ಅಥವಾ ಒಲೆಯ ಪಕ್ಕದ ತಗ್ಗಿನಲ್ಲಿ. ಬಾಗಿಸಿಟ್ಟ ಪಾತ್ರೆ ಹತ್ತು ಹದಿನೈದು ನಿಮಿಷ ಹಾಗೇ ಇರುತ್ತದೆ. ಕೆಳಗಿನ ಅಗಲ ಪಾತ್ರೆಯಲ್ಲಿ ಆಗಷ್ಟೇ ಕುದಿದ ತೆಳಿ ತುಂಬಿರುತ್ತದೆ, ಅಡುಗೆಯವರು ಬೇರೆ ಕೆಲಸಕ್ಕೆ ತಿರುಗಿರುತ್ತಾರೆ.

ಇಲ್ಲಿ ಮಗು ಕೈ ಚಾಚಬೇಕಾಗಿಯೇ ಇಲ್ಲ. ಹಿಂದಕ್ಕೆ ನಡೆಯುವಾಗ ಎಡವಿ ಅದರೊಳಗೆ ಕುಳಿತುಬಿಡಬಹುದು. ತೆಳಿ ಬರೇ ನೀರಿಗಿಂತ ಕೆಡುಕು, ಏಕೆಂದರೆ ಅದು ಗಂಜಿಯಿಂದ ಮಂದವಾಗಿರುತ್ತದೆ. ನೀರಿನಂತೆ ಬೇಗ ಜಾರಿಹೋಗದೆ ಚರ್ಮಕ್ಕೆ ಅಂಟಿ ನಿಲ್ಲುತ್ತದೆ, ಮೇಲೆ ಕೆನೆಕಟ್ಟಿ ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ. ಮೊದಲು ಹೇಳಿದ ‘ತಾಗಿದ ಹೊತ್ತು’ ಇಲ್ಲಿ ಹೆಚ್ಚಾಗುತ್ತದೆ. ಕುದಿಯುವ ಸಾರು, ಪಾಯಸಗಳದ್ದೂ ಇದೇ ಗುಣ.

ಬಸಿಯುವ ಕೆಲಸವನ್ನು ಕಟ್ಟೆಯ ಮೇಲಿನ ತೊಟ್ಟಿಗೆ ಬದಲಾಯಿಸಿಕೊಳ್ಳುವುದು ಉತ್ತಮ. ಅದು ಆಗದ ಮನೆಯಲ್ಲಿ ಬಸಿಯುವ ಹೊತ್ತಿನಲ್ಲಿ ಮಗು ಬಾಗಿಲಾಚೆ ಇರಬೇಕು. ಅಡುಗೆಮನೆಯ ಬಾಗಿಲಿಗೆ ಮಗುವಿನ ಎದೆಮಟ್ಟಕ್ಕಿಂತ ಎತ್ತರದ ಒಂದು ಅರ್ಧ ಬಾಗಿಲನ್ನು ಊರಿನ ಬಡಗಿಯಿಂದ ಮಾಡಿಸಬಹುದು. ಪಟ್ಟಿಗಳನ್ನು ಅಡ್ಡಕ್ಕೆ ಹೊಡೆದರೆ ಅದೇ ಏಣಿಯಾಗುತ್ತದೆ, ಆದ್ದರಿಂದ ಉದ್ದುದ್ದಕ್ಕೆ ಹೊಡೆಸಬೇಕು. ಚಿಲಕ ಹೊರಗಡೆ ಇರಲಿ, ಆದರೆ ಮಗುವಿಗೆ ಎಟಕದಂತೆ ಮೇಲ್ತುದಿಯಲ್ಲಿ. ನೆಲದ ಮಟ್ಟದ ಸೌದೆ ಒಲೆ ಇರುವ ಮನೆಗಂತೂ ಈ ಅರ್ಧ ಬಾಗಿಲು ಬೇಕೇ ಬೇಕು. ಅಲ್ಲಿ ಮೇಲೆ ಹೇಳಿದ ಸೀಮೆಸುಣ್ಣದ ಗೆರೆ ಉಪಯೋಗಕ್ಕೆ ಬರುವುದಿಲ್ಲ. ಬಚ್ಚಲ ಹಂಡೆಗೂ ಇದೇ ಮಾತು. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮವನ್ನು ಎಂದೂ ತಪ್ಪಿಸಬಾರದು.

ನಮ್ಮ ಪಾತ್ರೆಗಳಲ್ಲಿ ಹೆಚ್ಚಿನವಕ್ಕೆ ಹಿಡಿ ಇಲ್ಲ. ಇಕ್ಕುಳದಲ್ಲಿ ಅಥವಾ ಮಸಿಬಟ್ಟೆಯಲ್ಲಿ ಎತ್ತುತ್ತೇವೆ. ತುಂಬಿದ ಪಾತ್ರೆಯ ತೆಳು ಅಂಚಿನಿಂದ ಇಕ್ಕುಳ ಜಾರುವುದುಂಟು. ಬಿಸಿ ಪಾತ್ರೆ ಹಿಡಿದು ತಿರುಗುವ ಮೊದಲು ಕೆಳಗೆ ನೋಡಿ, ‘ಅಲ್ಲೇ ನಿಲ್ಲ್ ಮಾಣಿ, ಬಿಸಿ ಇತ್ತ್’ ಎಂದು ಗಟ್ಟಿಯಾಗಿ ಹೇಳುವ ರೂಢಿ ಮನೆಯ ಎಲ್ಲರಿಗೂ ಇರಲಿ. ಕೆಲವೇ ದಿನಗಳಲ್ಲಿ ಮಗು ಆ ದನಿಗೆ ನಿಲ್ಲುವುದನ್ನು ಕಲಿಯುತ್ತದೆ. ಆದರೂ ಎರಡು ವರ್ಷದ ಮಗುವಿಗೆ ‘ಬಿಸಿ’ ಎಂಬ ಶಬ್ದ ಗೊತ್ತಿರುವುದು ಬೇರೆ, ಅದನ್ನು ನೆನಪಿಟ್ಟು ಕೈ ಹಿಂದೆಗೆಯುವುದು ಬೇರೆ. ಹೇಳಿಕೊಟ್ಟಿದ್ದೇವೆ ಎಂದು ತಡೆಯನ್ನು ತೆಗೆಯಬಾರದು.

ಸುಟ್ಟೇಬಿಟ್ಟರೆ

ಮೊದಲ ಕೆಲಸ, ಒದ್ದೆಯಾದ ಬಟ್ಟೆಯನ್ನು ತೆಗೆಯುವುದು. ಡೈಪರ್ ಹಾಕಿದ್ದರೆ ಅದನ್ನೂ. ಅದು ಬಿಸಿನೀರನ್ನು ಹೀರಿ ಹಿಡಿದಿಟ್ಟಿರುತ್ತದೆ. ಬಾವು ಬರುವ ಮೊದಲೇ ಬಳೆ, ಉಂಗುರ, ಉಡಿದಾರ ಬಿಚ್ಚಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಎಳೆಯಬಾರದು, ಸುತ್ತಲೂ ಕತ್ತರಿಸಬೇಕು.

ಎರಡನೆಯದು ನೀರು. ಸುಟ್ಟ ಜಾಗದ ಮೇಲೆ ನಳ್ಳಿಯ ಅಥವಾ ಬಾವಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಬೇಕು. ಎರಡು ನಿಮಿಷ ಸಾಲದು. ಮೇಲೆ ತಣ್ಣಗಾದರೂ ಚರ್ಮದ ಒಳಪದರದಲ್ಲಿ ಬಿಸಿ ಉಳಿದು ಗಾಯ ಇನ್ನೂ ಆಳಕ್ಕೆ ಇಳಿಯುತ್ತಿರುತ್ತದೆ. ಮೊದಲು ನೀರು ಹಾಕಿರದಿದ್ದರೆ ಮೂರು ಗಂಟೆಯೊಳಗೆ ಹಾಕಿದರೂ ಪ್ರಯೋಜನವಿದೆ. ಮಂಜುಗಡ್ಡೆ ಬೇಡ, ಅದು ರಕ್ತ ಸಂಚಾರವನ್ನು ಕುಗ್ಗಿಸಿ ಗಾಯವನ್ನು ಕೆಡಿಸುತ್ತದೆ. ಸಣ್ಣ ಮಗು ಬೇಗ ಚಳಿಗೊಳ್ಳುವುದರಿಂದ ಉಳಿದ ಮೈಯನ್ನು ಒಣ ಬಟ್ಟೆಯಿಂದ ಹೊದಿಸಿರಬೇಕು.

ಅರಿಶಿನ, ತೆಂಗಿನೆಣ್ಣೆ, ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಯಾವುದನ್ನೂ ಹಚ್ಚಬಾರದು. ಎಣ್ಣೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಬಣ್ಣದ ವಸ್ತುಗಳು ಗಾಯದ ಆಳವನ್ನು ವೈದ್ಯರಿಗೆ ಕಾಣದಂತೆ ಮಾಡುತ್ತವೆ. ಬೊಬ್ಬೆಯನ್ನು ಒಡೆಯಬಾರದು. ತೊಳೆದು ಒಣಗಿಸಿದ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿ ವೈದ್ಯರಲ್ಲಿಗೆ ಒಯ್ಯಬೇಕು.

ಗಾಯದ ಗಾತ್ರ ತಿಳಿಯಲು ಮಗುವಿನ ಅಂಗೈಯೇ ಅಳತೆಗೋಲು. ಬೆರಳೂ ಸೇರಿದ ಅದರ ಒಂದು ಅಂಗೈ ಅಗಲ ದೇಹದ ಚರ್ಮದ ನೂರರಲ್ಲಿ ಒಂದು ಪಾಲು. ಅಷ್ಟಕ್ಕಿಂತ ದೊಡ್ಡ ಬೊಬ್ಬೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗದ ಗಾಯ, ಬೆಳ್ಳಗಾಗಿ ನೋವೇ ಇಲ್ಲದಂತಾದ ಚರ್ಮ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲವೆಂದು ಸಮಾಧಾನಪಡುವಂತಿಲ್ಲ, ನರಗಳೇ ಸುಟ್ಟಿವೆ ಎಂಬುದರ ಗುರುತು ಅದು. ವರ್ಷ ತುಂಬದ ಕೂಸಿಗಾದರೆ ಗಾಯ ಎಷ್ಟೇ ಸಣ್ಣದಿರಲಿ, ವೈದ್ಯರಿಗೆ ತೋರಿಸಲೇಬೇಕು. ಗಾಯ ಹತ್ತು ಅಂಗೈಯಷ್ಟಾದರೆ ಮಗುವಿನ ದೇಹದಿಂದ ನೀರಿನಂಶ ಸೋರಿ ಪ್ರಾಣಕ್ಕೇ ಅಪಾಯ; 108ಕ್ಕೆ ಕರೆಮಾಡಿ, ವಾಹನ ಬರುವವರೆಗೂ ನೀರು ಹರಿಸುತ್ತಿರಬೇಕು.

ಈ ಭಾನುವಾರ ಅಳತೆಪಟ್ಟಿ ಹಿಡಿದು ಅಡುಗೆಮನೆಗೆ ಹೋಗುವ ವಿದ್ಯಾರ್ಥಿಗಳು ನಾಲ್ಕು ಸಂಖ್ಯೆಗಳನ್ನು ಬರೆದುಕೊಳ್ಳಲಿ: ಕಟ್ಟೆಯ ಎತ್ತರ, ಅಂಚಿನಿಂದ ಬರ್ನರಿಗಿರುವ ದೂರ, ಪಾತ್ರೆಯ ಹಿಡಿಯ ಉದ್ದ, ಮನೆಯ ಪುಟ್ಟ ತಮ್ಮನ ಅಥವಾ ತಂಗಿಯ ಕೈ ಕಟ್ಟೆಯ ಮೇಲೆ ತಲುಪುವ ದೂರ. ಎರಡನೆಯದರಲ್ಲಿ ಪಾತ್ರೆಯ ಅರ್ಧ ಅಗಲವನ್ನು ಕಳೆದ ಮೇಲೂ ಅದು ನಾಲ್ಕನೆಯದಕ್ಕಿಂತ ಒಂದು ಗೇಣು ಹೆಚ್ಚಿದ್ದರೆ ಸರಿ. ಇಲ್ಲದಿದ್ದರೆ ಒಲೆ ಹಿಂದಕ್ಕೆ ಸರಿಯಬೇಕು. ಸರಿಸಲು ಜಾಗ ಸಾಲದಿದ್ದರೆ ಮಗು ಅರ್ಧ ಬಾಗಿಲಿನ ಆಚೆ ಇರಬೇಕು.